ಒಂದು ಡಬ್ಬಿಗೆ 53 ರೂಪಾಯಿ: ಕಾರವಾರದ ಒಂದು ಮನೆಯೂಟದ ಲೆಕ್ಕ

2023ರ ಜೂನ್ ತಿಂಗಳ ಎರಡನೆಯ ವಾರ. ನಮ್ಮ ಸ್ವಸಹಾಯ ಸಂಘದ ಸಭೆ ಮುಗಿದು ಎಲ್ಲರೂ ಕೊಡೆ ಬಿಚ್ಚಿಕೊಂಡು ಹೊರಟ ಮೇಲೂ ಒಬ್ಬರು ಚಾಪೆಯ ಮೇಲೆ ಕುಳಿತೇ ಇದ್ದರು. ಕೊರಳಿನಲ್ಲಿ ಸರ ಇರಲಿಲ್ಲ. ನಾನು ಕೇಳುವ ಮೊದಲೇ ಹೇಳಿದರು: "ಅಕ್ಕೋರೆ, ಸರ ಅಡವಿಟ್ಟೆ. ದಿನಾ 22 ಡಬ್ಬಿ ಕಳುಹಿಸುತ್ತೇನೆ. ಕೈಯಲ್ಲಿ ದುಡ್ಡು ಓಡಾಡುತ್ತದೆ. ಆದರೆ ಮಳೆಗಾಲ ಬಂದರೆ ಏನೂ ಇರುವುದಿಲ್ಲ. ಎಲ್ಲಿ ಹೋಗುತ್ತದೆ ಅಂತ ನೀವೇ ಹೇಳಿ."

ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಸಂಘದ ಲೆಕ್ಕ ಬರೆಯುತ್ತೇನೆ. ಅವರ ಪ್ರಶ್ನೆಗೆ ಉತ್ತರ ಹುಡುಕಲು ನಮಗಿಬ್ಬರಿಗೂ ಎರಡು ತಿಂಗಳು ಹಿಡಿಯಿತು. ಮನೆಯಲ್ಲಿ ಅಡುಗೆ ಮಾಡಿ ಕೊಡುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಅವರ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ಹೆಸರು, ಓಣಿ, ಗಿರಾಕಿಗಳ ಗುರುತು ಎಲ್ಲವನ್ನೂ ಬಿಟ್ಟಿದ್ದೇನೆ. ಗಿರಾಕಿಗಳೆಲ್ಲ ಅವರನ್ನು ಅಕ್ಕ ಎನ್ನುತ್ತಾರೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಹಿನ್ನೆಲೆ

ಅಕ್ಕ ಅಂಕೋಲೆಯ ಕಡೆಯಿಂದ ಮದುವೆಯಾಗಿ ಕಾರವಾರಕ್ಕೆ ಬಂದವರು. ಗಂಡ ಬೈತಖೋಲ್ ಬಂದರಿನಿಂದ ಹೊರಡುವ ಯಾಂತ್ರಿಕ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಇಬ್ಬರು ಮಕ್ಕಳು ಓದುತ್ತಿದ್ದಾರೆ. 2021ರ ಕೊನೆಗೆ ಪಕ್ಕದ ಬಾಡಿಗೆ ಕೋಣೆಯ ಇಬ್ಬರು ಹುಡುಗರು "ಮಧ್ಯಾಹ್ನದ ಊಟ ಕೊಡುತ್ತೀರಾ" ಎಂದು ಕೇಳಿದಲ್ಲಿಂದ ಡಬ್ಬಿ ಶುರುವಾಯಿತು. ಅವರ ಮೂಲಕ ಇನ್ನಿಬ್ಬರು, ಆಮೇಲೆ ಬ್ಯಾಂಕಿನವರು, ಅರ್ಗಾ ಕಡೆ ಗುತ್ತಿಗೆ ಕೆಲಸಕ್ಕೆ ಬಂದ ಎಂಜಿನಿಯರುಗಳು ಸೇರಿದರು. ವರ್ಷ ತುಂಬುವುದರೊಳಗೆ 22 ಡಬ್ಬಿ ಆಯಿತು.

ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ವಾರಕ್ಕೆ ನಾಲ್ಕು ದಿನ ಮೀನಿನ ಸಾರು, ಸೋಮವಾರ ಮತ್ತು ಗುರುವಾರ ಬೇಳೆ ಅಥವಾ ಕಾಳಿನ ಹುಳಿ, ಒಂದು ಪಲ್ಯ, ಮುರುಗಲ ಕಡಿ. ರವಿವಾರ ರಜೆ. ತಿಂಗಳಿಗೆ 26 ಊಟ, 1,500 ರೂಪಾಯಿ. ಈ ದರ ಹೇಗೆ ಬಂತು ಎಂದು ಕೇಳಿದಾಗ, "ಹೋಟೆಲಿನ ಮೀನೂಟದ ಅರ್ಧ ಇರಲಿ ಅಂದುಕೊಂಡೆ" ಎಂದರು. ಮನೆಯ ಅಡುಗೆ ಮಾರುವ ಹೆಂಗಸರಲ್ಲಿ ಹೆಚ್ಚಿನವರು ಹೀಗೆಯೇ ದರ ಇಡುವುದನ್ನು ನಾನು ನೋಡಿದ್ದೇನೆ. ಹೋಟೆಲಿನವನ ದರದಲ್ಲಿ ಅವನ ಖರ್ಚಿನ ಲೆಕ್ಕ ಇರುತ್ತದೆ. ಅದರ ಅರ್ಧದಲ್ಲಿ ಯಾರ ಲೆಕ್ಕವೂ ಇರುವುದಿಲ್ಲ.

ತೊಂದರೆ ಕಾಣಿಸಿಕೊಂಡದ್ದು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲಕ್ಕೆ ಸರ್ಕಾರ ಹಾಕಿರುವ 61 ದಿನಗಳ ನಿಷೇಧ ಅದು. ಈ ಮನೆಗೆ ಆ ಎರಡು ತಿಂಗಳು ಎರಡು ಕಡೆಯಿಂದ ಹೊಡೆತ ಕೊಡುತ್ತಿದ್ದವು. ಗಂಡನ ದುಡಿಮೆ ನಿಲ್ಲುತ್ತಿತ್ತು, ಅದೇ ಹೊತ್ತಿಗೆ ಪೇಟೆಯಲ್ಲಿ ಮೀನಿನ ಬೆಲೆ ಏರುತ್ತಿತ್ತು. ಆದರೆ ಡಬ್ಬಿಯ ದರ ಮಾತ್ರ ಹನ್ನೆರಡೂ ತಿಂಗಳು ಒಂದೇ.

ಅಕ್ಕ ಸುಮ್ಮನೆ ಕುಳಿತವರಲ್ಲ. 2022ರ ಜೂನ್ ತಿಂಗಳ ನಡುವೆಯೇ ಡಬ್ಬಿಗೆ 20 ರೂಪಾಯಿ ಹೆಚ್ಚಿಸಿದ್ದರು. ಒಂದೇ ವಾರದಲ್ಲಿ ಆರು ಜನ ಬಿಟ್ಟರು. ಹೆದರಿ ಹಳೆಯ ದರಕ್ಕೇ ಇಳಿಸಿದರು. ಬಿಟ್ಟವರ ಜಾಗ ತುಂಬಲು ದೀಪಾವಳಿ ಆಗಬೇಕಾಯಿತು. ಆಮೇಲೆ ದರ ಮುಟ್ಟದೆ ಪದಾರ್ಥ ಇಳಿಸಿ ನೋಡಿದರು. ಸಾರಿಗೆ ತೆಂಗಿನಕಾಯಿ ಕಡಿಮೆ ಮಾಡಿದರು, ಬಂಗಡೆಯ ಬದಲು ಸಣ್ಣ ತಾರ್ಲೆ ಹಾಕಿದರು. ಯಾರೂ ದೂರು ಹೇಳಲಿಲ್ಲ, ಆದರೆ ಸಂಜೆ ಮರಳಿ ಬಂದ ಡಬ್ಬಿಗಳು ಹೇಳಿದವು. ಮೊದಲು ತೊಳೆದ ಹಾಗೆ ಖಾಲಿ ಬರುತ್ತಿದ್ದ ಡಬ್ಬಿಯ ತಳದಲ್ಲಿ ಸಾರು ಕಲಸಿದ ಅನ್ನ ಉಳಿಯತೊಡಗಿತು. ಒಂದು ವಾರ ಅದನ್ನು ನೋಡಿ ಅವರೇ ಮೊದಲಿನ ರುಚಿಗೆ ಮರಳಿದರು. ಅವರ ಕೆಲಸದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಮಾತು ಕೇಳಿದಾಗ. ಮರಳಿ ಬಂದ ಡಬ್ಬಿಯನ್ನು ಓದಬಲ್ಲವರಿಗೆ ಗಿರಾಕಿಯ ಅಭಿಪ್ರಾಯ ಕೇಳುವ ಅಗತ್ಯವಿಲ್ಲ.

ಎರಡು ದಾರಿಯೂ ಮುಚ್ಚಿ, 2023ರ ಜೂನ್‌ನಲ್ಲಿ ಸರ ಅಡವಿಗೆ ಹೋಯಿತು.

ಎರಡು ತಿಂಗಳ ಲೆಕ್ಕ

ಅಕ್ಕನ ತಲೆಯಲ್ಲಿದ್ದ ಲೆಕ್ಕ ಹೀಗಿತ್ತು: ದಿನಕ್ಕೆ ಸುಮಾರು 1,270 ರೂಪಾಯಿಯ ಡಬ್ಬಿ ಹೋಗುತ್ತದೆ. ಬೆಳಿಗ್ಗೆ ಮೀನು, ತರಕಾರಿ, ಕಾಯಿಗೆ 650 ಹೋಗುತ್ತದೆ. ಉಳಿದ 600 ಲಾಭ. ತಿಂಗಳಿಗೆ 15,000ಕ್ಕೂ ಹೆಚ್ಚು ಬರಬೇಕು.

ತಪ್ಪು ಎಲ್ಲಿದೆ ಎಂದು ಕಾಗದದ ಮೇಲೆ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಗೊತ್ತಾಯಿತು. ಅಕ್ಕಿಯ ಮೂಟೆ ಕಂಡು, "ಇದನ್ನು ಯಾವ ಲೆಕ್ಕದಲ್ಲಿ ಬರೆದಿದ್ದೀರಿ" ಎಂದೆ. "ಅದು ಮನೆಯ ಸಾಮಾನು, ತಿಂಗಳಿಗೊಮ್ಮೆ ಕಿರಾಣಿಯಿಂದ ತರುತ್ತೇವೆ" ಎಂದರು. ಎಣ್ಣೆ, ಮೆಣಸು, ಬೇಳೆ, ಸಿಲಿಂಡರ್ ಎಲ್ಲವೂ ಮನೆಯ ಸಾಮಾನೇ. ದಿನವೂ ಕೈಯಿಂದ ಕೊಟ್ಟ ದುಡ್ಡು ಮಾತ್ರ ಡಬ್ಬಿಯ ಖರ್ಚು ಎನಿಸಿತ್ತು. ತಿಂಗಳಿಗೊಮ್ಮೆ ಕೊಟ್ಟದ್ದು ಸಂಸಾರದ ಖರ್ಚಿಗೆ ಸೇರಿಹೋಗಿತ್ತು. ಇಷ್ಟು ದಿನ ಸಂಸಾರವೇ ಡಬ್ಬಿಗೆ ಅಕ್ಕಿ ಹಾಕುತ್ತಿತ್ತು.

ಜುಲೈ ಮತ್ತು ಆಗಸ್ಟ್‌ನಲ್ಲಿ ಪ್ರತಿದಿನ ಅಳೆದೆವು. ಸೇರಿನ ಬದಲು ತಕ್ಕಡಿಯಲ್ಲಿ ತೂಗಿ, ಮನೆಯ ನಾಲ್ವರ ಪಾಲು ಬೇರೆ ಹಿಡಿದು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆವು. ಒಂದು ಡಬ್ಬಿಗೆ ಸುಮಾರು 150 ಗ್ರಾಂ ಅಕ್ಕಿ, ಅದಕ್ಕೆ 7 ರೂಪಾಯಿ. ಮೀನು, ಅಥವಾ ಮೀನಿಲ್ಲದ ದಿನದ ಬೇಳೆಗೆ 17. ಪಲ್ಯಕ್ಕೆ 4, ತೆಂಗಿನಕಾಯಿಗೆ 4, ಎಣ್ಣೆ ಮಸಾಲೆ ಮುರುಗಲಿಗೆ 5. ಅಲ್ಲಿಗೆ 37 ರೂಪಾಯಿ. ಇದು ಆಗಸ್ಟ್ ಕೊನೆಯ, ದೋಣಿಗಳು ಕಡಲಿಗೆ ಇಳಿದ ಮೇಲಿನ ಲೆಕ್ಕ. ಜುಲೈಯಲ್ಲಿ ಮೀನಿನ ಒಂದು ಬಾಬತ್ತೇ 17ರ ಬದಲು 29 ಇತ್ತು.

37ರ ಮೇಲೆ ಬರುವುದು ಕಣ್ಣಿಗೆ ಬೀಳದ ಖರ್ಚು. ಅಕ್ಕ ಮನೆಯ ಸಿಲಿಂಡರಿನಲ್ಲೇ ಅಡುಗೆ ಮಾಡುತ್ತಿದ್ದರು. ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ. ಆದ್ದರಿಂದ 19 ಕಿಲೋದ ವಾಣಿಜ್ಯ ಸಿಲಿಂಡರಿನ ಬೆಲೆಯಲ್ಲೇ ಲೆಕ್ಕ ಹಿಡಿದೆ, ಡಬ್ಬಿಗೆ 3 ರೂಪಾಯಿ ಬಂತು. ಸ್ಕೂಟರಿನಲ್ಲಿ ಮುಟ್ಟಿಸುವ ಅಣ್ಣನ ಮಗನಿಗೆ ಪೆಟ್ರೋಲ್ ಸೇರಿ ದಿನಕ್ಕೆ 150, ಅಂದರೆ ಡಬ್ಬಿಗೆ 7. ಸಾಬೂನು, ಕಳೆದುಹೋದ ಮುಚ್ಚಳ, ತಗ್ಗಿದ ಡಬ್ಬಿಗೆ 2.

ಇನ್ನೊಂದು ಖರ್ಚು ನನಗೂ ಹೊಳೆದಿರಲಿಲ್ಲ, ಬರೆಯುತ್ತಾ ಹೋದಾಗ ಸಿಕ್ಕಿತು. ಬೆಳಿಗ್ಗೆ ಒಂಬತ್ತರ ಮೇಲೆ ಫೋನ್ ಬರುತ್ತಿತ್ತು: "ಅಕ್ಕಾ, ಇವತ್ತು ನನ್ನ ಡಬ್ಬಿ ಬೇಡ." ಆ ಹೊತ್ತಿಗೆ ಅನ್ನ ಬಸಿದಾಗಿರುತ್ತದೆ, ಮೀನು ಸಾರಿನಲ್ಲಿ ಕುದಿಯುತ್ತಿರುತ್ತದೆ. ಅವರು ತಿಂಗಳ ಕೊನೆಗೆ ಅಷ್ಟನ್ನು ಕಡಿತ ಮಾಡಿ ದುಡ್ಡು ಕೊಡುತ್ತಿದ್ದರು. ದಿನಕ್ಕೆ ಸರಾಸರಿ ಎರಡು ಡಬ್ಬಿ ಹೀಗೆ ನಿಲ್ಲುತ್ತಿದ್ದವು. ಬೆಂದ ಎರಡು ಊಟದ ಖರ್ಚನ್ನು ಉಳಿದ ಇಪ್ಪತ್ತಕ್ಕೆ ಹಂಚಿದರೆ ತಲಾ 4 ರೂಪಾಯಿ ಸಮೀಪ ಬಂತು.

ಒಟ್ಟು 53. ಬರುತ್ತಿದ್ದದ್ದು 57 ರೂಪಾಯಿ 70 ಪೈಸೆ. ಎಲ್ಲ 22 ಡಬ್ಬಿ ಸೇರಿ ದಿನಕ್ಕೆ ಉಳಿಯುತ್ತಿದ್ದದ್ದು ನೂರು ರೂಪಾಯಿ ಚಿಲ್ಲರೆ. ನಿಷೇಧದ ತಿಂಗಳುಗಳಲ್ಲಿ ಪ್ರತಿ ಡಬ್ಬಿಗೆ 7 ರೂಪಾಯಿ ಕೈಯಿಂದ ಹೋಗುತ್ತಿತ್ತು, ಎರಡು ತಿಂಗಳಿಗೆ 8,000ಕ್ಕೂ ಹೆಚ್ಚು. ಉಳಿದ ಹತ್ತು ತಿಂಗಳ ಗಳಿಕೆಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲನ್ನು ಜೂನ್ ಮತ್ತು ಜುಲೈ ತಿಂದು ಹಾಕುತ್ತಿದ್ದವು.

ಅಕ್ಕ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ನಸುಕಿನಲ್ಲಿ ಮೀನು ಪೇಟೆಗೆ ಹೋಗುವುದರಿಂದ ಹಿಡಿದು ಮಧ್ಯಾಹ್ನ ಎರಡೂವರೆಯವರೆಗೆ ದುಡಿದದ್ದಕ್ಕೆ ನೂರು ರೂಪಾಯಿ. "ನಿಮ್ಮ ಜಾಗದಲ್ಲಿ ಅಡುಗೆಗೆ ಬೇರೆ ಹೆಂಗಸನ್ನು ಇಟ್ಟರೆ ಎಷ್ಟು ಕೊಡುತ್ತೀರಿ" ಎಂದು ಕೇಳಿದೆ. ತಡೆಯದೆ ಹೇಳಿದರು: "ಮುನ್ನೂರಾದರೂ ಕೊಡಬೇಕು, ಇಲ್ಲದಿದ್ದರೆ ಪಾಪ ತಟ್ಟುತ್ತದೆ." ಬೇರೆಯವಳಿಗೆ ಕೊಡದಿದ್ದರೆ ಪಾಪ ಎನ್ನುವ ಮುನ್ನೂರು ತಮಗೆ ಏಕೆ ಇಲ್ಲ ಎಂಬ ಪ್ರಶ್ನೆ ಅಲ್ಲೇ ಎದ್ದಿತು, ನಾನು ಅದನ್ನು ಬಾಯಿಬಿಟ್ಟು ಕೇಳಬೇಕಾಗಲಿಲ್ಲ. ಈ ಇಡೀ ಪ್ರಕರಣ ತಿರುಗಿದ್ದು ಆ ಒಂದು ಗಳಿಗೆಯಲ್ಲಿ ಎಂದು ನಾನು ಎಣಿಸುತ್ತೇನೆ.

ಹೊಸ ದರ

53ಕ್ಕೆ ಅಡುಗೆಯ ಕೂಲಿ 14 ಸೇರಿಸಿದೆವು. ಮಳೆಗಾಲಕ್ಕೆಂದು 4 ಸೇರಿಸಿದೆವು. ಇದರಲ್ಲಿ ಅರ್ಧದಷ್ಟು ನಿಷೇಧದ ಎರಡು ತಿಂಗಳಲ್ಲಿ ಮೀನಿಗೆ ಏರುವ ಬೆಲೆಯನ್ನು ಹನ್ನೆರಡು ತಿಂಗಳಿಗೆ ಹಂಚಿದ್ದು, ಉಳಿದರ್ಧ ಗಂಡನ ದುಡಿಮೆ ಇಲ್ಲದ ದಿನಗಳಿಗೆ. 71 ಆಯಿತು. ಗಿರಾಕಿ ಕಡಿಮೆಯಾದರೆ ಸ್ಕೂಟರಿನ 150ನ್ನು ಹಂಚಿಕೊಳ್ಳುವ ಡಬ್ಬಿಗಳೂ ಕಡಿಮೆಯಾಗುತ್ತವೆ, ಅದಕ್ಕೆಂದು ಇನ್ನೂ 4 ಇಟ್ಟುಕೊಂಡು 75ಕ್ಕೆ ನಿಲ್ಲಿಸಿದೆವು. ತಿಂಗಳಿಗೆ 1,950.

ಒಂದೇ ಸಲ 450 ರೂಪಾಯಿ ಹೆಚ್ಚಳ. ಅಕ್ಕನಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. "ಅನ್ನ ಕೊಡುವಾಗ ಇಷ್ಟು ಲೆಕ್ಕ ಹಾಕಬಾರದು, ಅವರೆಲ್ಲ ನಮ್ಮ ಮನೆಯ ಹುಡುಗರ ಹಾಗೆ" ಎನ್ನುತ್ತಿದ್ದರು. ಈ ಮಾತನ್ನು ನಾನು ತಳ್ಳಿಹಾಕಲಾರೆ. ಆ ಭಾವನೆಯಿಂದಲೇ ಅವರ ಸಾರಿಗೆ ಆ ರುಚಿ. ಆದರೆ ಡಬ್ಬಿ ನಿಂತುಹೋದರೆ ಆ ಹುಡುಗರಿಗೂ ಊಟವಿಲ್ಲ ಎಂದಾಗ ಒಪ್ಪಿದರು.

ಹಿಂದಿನ ಏರಿಕೆ ಸೋತದ್ದು ಹಣದ ಮೊತ್ತದಿಂದಲ್ಲ, ಹೊತ್ತಿನಿಂದ ಎಂಬುದು ನನ್ನ ಅನಿಸಿಕೆ. ಜೂನ್‌ನಲ್ಲಿ ಮೀನು ಸಣ್ಣದಾಗುತ್ತದೆ. ಚಿಕ್ಕ ತುಂಡು ಕೊಟ್ಟು ದೊಡ್ಡ ದರ ಕೇಳಿದರೆ ಯಾರಾದರೂ ಬಿಡುತ್ತಾರೆ. ಈ ಸಲ ಬಂಗಡೆ ಯಥೇಚ್ಛವಾಗಿ ಬರುವ ಕಾಲಕ್ಕೆ ಕಾದೆವು. ಸೆಪ್ಟೆಂಬರ್ 1ಕ್ಕೆ ಪ್ರತಿ ಡಬ್ಬಿಯ ಜೊತೆ ಒಂದು ಚೀಟಿ ಹೋಯಿತು: ಅಕ್ಟೋಬರ್ 1ರಿಂದ ತಿಂಗಳಿಗೆ 1,950, ಹಣ 5ನೆಯ ತಾರೀಖಿನೊಳಗೆ ಮುಂಗಡ, ಡಬ್ಬಿ ಬೇಡವಾದರೆ ಹಿಂದಿನ ರಾತ್ರಿ 8 ಗಂಟೆಯೊಳಗೆ ತಿಳಿಸಬೇಕು, ತಡವಾದರೆ ಕಡಿತವಿಲ್ಲ, ಮಳೆಗಾಲದಲ್ಲಿ ದರ ಏರುವುದಿಲ್ಲ. ಕೊನೆಯ ಮಾತು ಬಹಳ ಕೆಲಸ ಮಾಡಿತು.

ಐದು ಜನ ಬಿಟ್ಟರು. 17 ಉಳಿದವು. ಸ್ಕೂಟರು ಮತ್ತು ಗ್ಯಾಸಿನ ಪಾಲು ಡಬ್ಬಿಗೆ ಮೂರು ರೂಪಾಯಿಯಷ್ಟು ಏರಿತು, ರಾತ್ರಿ 8ರ ನಿಯಮದಿಂದ ವ್ಯರ್ಥವಾಗುವುದು ಅಷ್ಟೇ ಇಳಿಯಿತು. ಖರ್ಚು ಮತ್ತೆ 53ಕ್ಕೇ ಬಂದು ನಿಂತಿತು. ಡಬ್ಬಿಗೆ 22ರಂತೆ ದಿನಕ್ಕೆ 374 ರೂಪಾಯಿ. ಐದು ಡಬ್ಬಿ ಕಡಿಮೆ ತೊಳೆದು ಮೂರೂವರೆ ಪಟ್ಟು ಹೆಚ್ಚು ಗಳಿಸಿದ್ದನ್ನು ಕಂಡ ಮೇಲೆ ಅಕ್ಕ ಬಿಟ್ಟುಹೋದವರ ಹೆಸರು ಎತ್ತುವುದನ್ನು ನಿಲ್ಲಿಸಿದರು. ಡಿಸೆಂಬರ್ ಹೊತ್ತಿಗೆ 20 ಆಯಿತು. ಬಿಟ್ಟವರಲ್ಲಿ ಒಬ್ಬರು ಮರಳಿಯೂ ಬಂದರು.

ಈ ನಡುವೆ ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿದೆವು. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಸಾದಾ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು.

ಉಳಿತಾಯ ಎಡವಿದ್ದು, ನಿಂತದ್ದು

ದರ ಸರಿಯಾದರೆ ಉಳಿತಾಯ ತಾನಾಗಿ ಬರುತ್ತದೆ ಎಂದು ನಾನು ನಂಬಿದ್ದೆ. ಹಾಗಾಗಲಿಲ್ಲ. ಅಕ್ಟೋಬರ್ ಮೊದಲ ವಾರ ಮುಂಗಡವೆಂದು 33,150 ರೂಪಾಯಿ ಒಟ್ಟಿಗೆ ಬಂತು. ಅಷ್ಟು ದುಡ್ಡನ್ನು ಅಕ್ಕ ಒಮ್ಮೆಗೇ ಕಂಡದ್ದು ಅದೇ ಮೊದಲು. ಮಗನ ಶುಲ್ಕ ಕಟ್ಟಿದರು, ಹಳೆಯ ಕೈಸಾಲ ತೀರಿಸಿದರು. 20ನೆಯ ತಾರೀಖಿಗೆ ಮೀನು ಮಾರುವವಳ ಹತ್ತಿರ ಉದ್ರಿ ಹೇಳಬೇಕಾಯಿತು. ಕೆಟ್ಟದ್ದಕ್ಕೆ ಖರ್ಚು ಮಾಡಿರಲಿಲ್ಲ. ಆದರೆ ಮುಂಗಡ ಬಂದ ದಿನ ಅದು ಅವರ ದುಡ್ಡಾಗಿರಲಿಲ್ಲ, ಇನ್ನೂ ಬೇಯಿಸದ 442 ಊಟಗಳ ಸಾಲವಾಗಿತ್ತು. ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು.

ನವೆಂಬರಿನಿಂದ ಕ್ರಮ ಬದಲಿಸಿದೆವು. ಅಲ್ಲಿಯವರೆಗೆ ಗಿರಾಕಿಗಳು ಮೊಬೈಲಿನಿಂದ ಹಾಕಿದ ಹಣ ಮಗನ ಖಾತೆಗೆ ಹೋಗುತ್ತಿತ್ತು. ಡಬ್ಬಿಗೆಂದೇ ಅಕ್ಕನ ಹೆಸರಿನಲ್ಲಿ ಬೇರೆ ಖಾತೆ ತೆರೆದೆವು. ಪ್ರತಿ ಸೋಮವಾರ ಆ ವಾರದ ಆರು ದಿನಗಳ ಸಾಮಾನಿನ ಹಣ ಮತ್ತು ಅಕ್ಕನ ಕೂಲಿ 1,800 ಮಾತ್ರ ಹೊರಗೆ ಬರಬೇಕು. ಕೂಲಿ ಮನೆಗೆ, ಅದನ್ನು ಹೇಗೆ ಖರ್ಚು ಮಾಡಿದರೂ ಸರಿ.

ಮಳೆಗಾಲದ 4 ರೂಪಾಯಿಯದು ಬೇರೆಯೇ ಕಥೆ. ಮೊದಲ ತಿಂಗಳು ಅದನ್ನು ಸ್ಟೀಲಿನ ಡಬ್ಬದಲ್ಲಿ ಹಾಕಿ ದೇವರ ಮನೆಯಲ್ಲಿ ಇಟ್ಟರು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಡಬ್ಬ, ಎಲ್ಲರಿಗೂ ತುರ್ತು ಬಂತು. ಆಗ ಅಂಗಡಿಗಳಿಗೆ ದಿನವೂ ಬರುವ ಪಿಗ್ಮಿ ಏಜೆಂಟರನ್ನು ಮನೆಗೂ ಬರಹೇಳಿದೆವು. ದಿನಕ್ಕಿಷ್ಟು ಎಂದು ಮನೆಬಾಗಿಲಲ್ಲಿ ಹಣ ಎತ್ತುವ ಈ ಪಿಗ್ಮಿ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು, ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪದ್ಧತಿ. ಅಕ್ಕನಿಗೆ ಅದು ಹೊಂದಿದ್ದಕ್ಕೆ ಕಾರಣ ಬಡ್ಡಿಯಲ್ಲ. ಸಂಜೆ ಡಬ್ಬಿ ಎಣಿಸಿ, ಅದರ ನಾಲ್ಕರಷ್ಟು ಹಣ ಎತ್ತಿಟ್ಟು, ಏಜೆಂಟರ ರಸೀತಿ ಪಡೆಯುವುದು ದೀಪ ಹಚ್ಚಿದಷ್ಟೇ ದಿನಚರಿಯಾಯಿತು. ಅವಧಿಗೆ ಮೊದಲು ತೆಗೆದರೆ ಬಡ್ಡಿ ಸಿಗುವುದಿಲ್ಲ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆವು. ಹಣ ಬೇಕಿದ್ದದ್ದು ಏಪ್ರಿಲ್‌ನಲ್ಲಿ, ಆದ್ದರಿಂದ ಬಡ್ಡಿಯ ಆಸೆ ಬಿಟ್ಟೆವು.

ಜನವರಿಯಲ್ಲಿ ಅಕ್ಕನಿಗೆ ಜ್ವರ ಬಂದು ಆರು ದಿನ ಒಲೆ ಹಚ್ಚಲಿಲ್ಲ. 20 ಗಿರಾಕಿಗಳ ಆರು ಊಟ, 9,000 ರೂಪಾಯಿ. ಮೊದಲಾಗಿದ್ದರೆ ಅಷ್ಟು ಹಣ ಕೈಯಲ್ಲಿ ಇರುತ್ತಿರಲಿಲ್ಲ. ಈ ಸಲ ಆ ವಾರದ ಹಣ ಖಾತೆಯಲ್ಲೇ ಇತ್ತು. ಕೇಳಿದವರಿಗೆ ಮರಳಿಸಿದರು, ಉಳಿದವರು ಮುಂದಿನ ತಿಂಗಳಿಗೆ ಜಮೆ ಮಾಡಿಕೊಳ್ಳಲು ಹೇಳಿದರು. ಹೋದದ್ದು ಅವರ ಆರು ದಿನದ ಕೂಲಿ. ಅಕ್ಕ ಮಲಗಿದರೆ ಬದಲಿಗೆ ಅಡುಗೆ ಮಾಡುವವರು ಯಾರು ಎಂಬುದಕ್ಕೆ ನಾವು ಇನ್ನೂ ದಾರಿ ಕಂಡುಕೊಂಡಿಲ್ಲ. ಈ ಕೊರತೆ ಹಾಗೆಯೇ ಇದೆ.

ಏಪ್ರಿಲ್ ಸಂತೆ

2024ರ ಏಪ್ರಿಲ್‌ನಲ್ಲಿ ಪಿಗ್ಮಿಯಿಂದ 10,000ದಷ್ಟು ಬಂತು. ಕೂಡಿಟ್ಟ ಹಣ ಕಷ್ಟಕಾಲದಲ್ಲಿ ಖರ್ಚಿಗೆ ಬೇಕು ಎಂದಷ್ಟೇ ನಾನು ಯೋಚಿಸಿದ್ದೆ. ಅಕ್ಕ ನನಗಿಂತ ಒಂದು ಹೆಜ್ಜೆ ಮುಂದೆ ಹೋದರು. "ಜೂನ್‌ನಲ್ಲಿ ದುಬಾರಿ ಮೀನು ಕೊಳ್ಳಲು ಈ ದುಡ್ಡು ಏಕೆ ಕಾಯಬೇಕು ಅಕ್ಕೋರೆ, ಈಗಲೇ ಒಣಮೀನು ಹಾಕಿಕೊಳ್ಳುತ್ತೇನೆ" ಎಂದರು. ಕಾರವಾರದ ರವಿವಾರ ಸಂತೆಗೆ ಇಬ್ಬರೂ ಹೋದೆವು. ಒಣ ಬಂಗಡೆ, ಸೆಟ್ಲಿ ಎನ್ನುವ ಒಣ ಸಿಗಡಿಗೆ 4,500. ಎರಡು ಮೂಟೆ ಅಕ್ಕಿ, ವರ್ಷದ ಮುರುಗಲಿಗೆ 3,000. ಉಳಿದದ್ದು ಮನೆಯ ಜೂನ್‌ಗೆ.

ಅವರು ಒಣಮೀನು ಆರಿಸುವುದನ್ನು ಹತ್ತಿರದಿಂದ ನೋಡಿದೆ. ಮೊದಲು ಬೆನ್ನಿನ ಬಳಿ ಬಾಗಿಸಿ ನೋಡುತ್ತಾರೆ. ಮೆತ್ತಗೆ ಬಾಗಿದರೆ ಒಳಗೆ ಪಸೆ ಇದೆ, ಮಳೆಗೆ ನಿಲ್ಲುವುದಿಲ್ಲ. ಕಿವಿರಿನ ಹತ್ತಿರ ಗುಲಾಬಿ ಕಲೆ ಇದ್ದರೆ ಉಪ್ಪಿನಲ್ಲೇ ಕೆಡಲು ಶುರುವಾಗಿದೆ ಎಂದರ್ಥ, ಎಷ್ಟೇ ಅಗ್ಗವಾದರೂ ಮುಟ್ಟುವುದಿಲ್ಲ. ಇಷ್ಟೆಲ್ಲ ನೋಡಿ ತಂದರೂ ಒಂದು ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ನೆಲದ ಮೇಲೆ ಇಟ್ಟಿದ್ದರಿಂದ ಜೂನ್ ಕೊನೆಗೆ ಬೂಸಲು ಹಿಡಿದು ಎಸೆಯಬೇಕಾಯಿತು. ತಗಡಿನ ಡಬ್ಬದಲ್ಲಿ, ತಳಕ್ಕೆ ಕಾಗದ ಹಾಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ಜುಲೈ ಮುಗಿಯುವವರೆಗೆ ಗಟ್ಟಿಯಾಗಿಯೇ ಇತ್ತು.

ಆ ಎರಡು ತಿಂಗಳು ವಾರಕ್ಕೆ ಎರಡು ದಿನ ಒಣಮೀನು, ಒಂದು ದಿನ ಮೊಟ್ಟೆ, ಒಂದೇ ದಿನ ಹಸಿಮೀನು ಕಳುಹಿಸಿದರು. ಎಸೆದದ್ದನ್ನೂ ಸೇರಿಸಿದರೆ ಮೀನಿನ ಬಾಬತ್ತು ಡಬ್ಬಿಗೆ 21 ರೂಪಾಯಿ ಬಿತ್ತು, ಹಿಂದಿನ ವರ್ಷದ 29ರ ಜಾಗದಲ್ಲಿ. ಒಣ ಸೆಟ್ಲಿಯ ಚಟ್ನಿ ಹೋದ ದಿನ ಡಬ್ಬಿಗಳು ತೊಳೆದ ಹಾಗೆ ಮರಳಿದವು.

ಅಕ್ಕ ಈಗ ಅಂಚೆ ಕಚೇರಿಯಲ್ಲಿ ಐದು ವರ್ಷದ ಆವರ್ತ ಠೇವಣಿಯನ್ನೂ ಶುರು ಮಾಡಿದ್ದಾರೆ, ತಿಂಗಳಿಗೆ 500 ರೂಪಾಯಿ, ತಮ್ಮ ಕೂಲಿಯಿಂದ. ಅಡವಿಟ್ಟ ಸರವನ್ನು ಫೆಬ್ರುವರಿಯಲ್ಲೇ ಬಿಡಿಸಿಕೊಂಡಿದ್ದರು. ಆ ಜೂನ್‌ನ ಸಂಘದ ಸಭೆಗೆ ಅದನ್ನು ಹಾಕಿಕೊಂಡು ಬಂದರು. ಸಭೆ ಮುಗಿದ ಮೇಲೆ ಮತ್ತೆ ಚಾಪೆಯ ಮೇಲೆ ಕುಳಿತೇ ಇದ್ದರು. ಪಕ್ಕದ ಓಣಿಯಲ್ಲಿ ಸಂಜೆಗೆ ತಿಂಡಿ ಮಾಡಿ ಕೊಡುವ ಹೆಂಗಸೊಬ್ಬರ ಕೈಯಿಂದ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಕೇಳುತ್ತಿದ್ದರು: "ಗ್ಯಾಸನ್ನು ಎಲ್ಲಿ ಬರೆದಿದ್ದೀಯೆ?"